ಭಾನುವಾರದ ಪೇಪರ್, ಬುಧವಾರದ ತಪ್ಪಿನ ಪುಸ್ತಕ

ಪ್ರಶ್ನೆ: ಸರ್, ನಾನು ಹಾಸನದಲ್ಲಿ ನೀಟ್ ಲಾಂಗ್ ಟರ್ಮ್ ಮಾಡುತ್ತಿದ್ದೇನೆ. ಪ್ರತಿ ಭಾನುವಾರ ಫುಲ್ ಪೇಪರ್ ಬರೆಯುತ್ತೇನೆ. ಹತ್ತು ವಾರದಿಂದ ಮಾರ್ಕ್ಸ್ 400ರಿಂದ 430ರ ನಡುವೆಯೇ ಓಡಾಡುತ್ತಿದೆ. ಎರರ್ ಬುಕ್ ಇಡು ಅಂದರು, ಇಟ್ಟಿದ್ದೇನೆ, ಎರಡು ನೋಟ್‌ಬುಕ್ ತುಂಬಿದೆ. ಆದರೆ ಮತ್ತೆ ತೆರೆದು ನೋಡುವುದೇ ಇಲ್ಲ. ನೋಡಿದರೂ ಎಲ್ಲ ಗೊತ್ತಿರುವ ಹಾಗೇ ಅನಿಸುತ್ತದೆ, ಮುಂದಿನ ಪೇಪರಿನಲ್ಲಿ ಮತ್ತದೇ ತಪ್ಪು. ವಾರಕ್ಕೆ ಎರಡು ಪೇಪರ್ ಬರೆದರೆ ಸರಿಹೋಗುತ್ತದಾ?

ಉತ್ತರ: ಎರಡನೆಯ ಪೇಪರ್ ಸದ್ಯಕ್ಕೆ ಬೇಡ. ಒಂದು ಪೇಪರಿನಲ್ಲಿ ಆದ ತಪ್ಪೇ ಇನ್ನೂ ಜೀರ್ಣವಾಗಿಲ್ಲ, ಅದರ ಮೇಲೆ ಇನ್ನೊಂದು ಬಡಿಸಿಕೊಂಡರೆ ನೋಟ್‌ಬುಕ್ ಮೂರಾಗುತ್ತದೆ, ಅಷ್ಟೇ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ‘ಎಲ್ಲ ಗೊತ್ತಿರುವ ಹಾಗೇ ಅನಿಸುತ್ತದೆ’ ಎಂಬ ಮಾತು. ರೋಗ ಇರುವುದೂ ಅಲ್ಲೇ. ನಿಮ್ಮ ಪುಸ್ತಕದಲ್ಲಿ ಪ್ರಶ್ನೆ ಇದೆ, ಅದರ ಕೆಳಗೇ ಸರಿ ಉತ್ತರವೂ ಇದೆ ಎಂದು ಊಹಿಸುತ್ತೇನೆ. ಉತ್ತರ ಕಣ್ಣ ಮುಂದೆ ಇದ್ದಾಗ ಯಾರಿಗೆ ಗೊತ್ತಿಲ್ಲ ಅನಿಸುತ್ತದೆ ಹೇಳಿ? ತಪ್ಪಿನ ಪುಸ್ತಕವನ್ನು ಓದಬಾರದು, ಅದರ ಎದುರು ಕೂತು ಮತ್ತೆ ಪರೀಕ್ಷೆ ಬರೆಯಬೇಕು. ಅದಕ್ಕೆ ತಕ್ಕಂತೆ ಬರೆದಿಟ್ಟಿದ್ದರೆ ಮಾತ್ರ ಅದು ಸಾಧ್ಯ.

ಈ ತಪ್ಪನ್ನು ನಾನೇ ಹುಡುಗರಿಗೆ ಕಲಿಸಿದ್ದೇನೆ ಎಂದು ಒಪ್ಪಿಕೊಳ್ಳುತ್ತೇನೆ. ಮೊದಲ ವರ್ಷಗಳಲ್ಲಿ ತಪ್ಪಾದ ಪ್ರತಿ ಪ್ರಶ್ನೆಯನ್ನೂ ಪೂರ್ತಿ ಬರೆಸಿ, ಕೆಂಪು ಇಂಕಿನಲ್ಲಿ ಕಾರಣ, ನೀಲಿಯಲ್ಲಿ ಸೊಲ್ಯೂಷನ್ ಎಂದು ಮಾಡಿಸುತ್ತಿದ್ದೆ. ಐವತ್ತು ಪ್ರಶ್ನೆ ಬರೆಯಲು ಐದು ಗಂಟೆ ಹಿಡಿಯುತ್ತಿತ್ತು. ಪುಸ್ತಕಗಳು ಮದುವೆ ಆಲ್ಬಮ್ಮಿನ ಹಾಗೆ ಚೆಂದ ಇರುತ್ತಿದ್ದವು, ಮತ್ತು ಮದುವೆ ಆಲ್ಬಮ್ಮಿನ ಹಾಗೆಯೇ ಯಾರೂ ತೆರೆಯುತ್ತಿರಲಿಲ್ಲ. ಮೂರನೆಯ ವಾರಕ್ಕೆ ಅರ್ಧ ತರಗತಿ ಕೈಬಿಟ್ಟಿತು. ಈಗ ಹೇಳುವ ಕ್ರಮ ಆ ಸೋಲಿನಿಂದ ಹುಟ್ಟಿದ್ದು.

ಮೊದಲು ಭಾನುವಾರದ ಮಾತು. ನೀಟ್ ನಡೆಯುವುದು ಮಧ್ಯಾಹ್ನ 2ರಿಂದ 5ರವರೆಗೆ, ಹಾಗಾಗಿ ನೀವೂ ಅದೇ ಹೊತ್ತಿಗೆ ಕೂರಿ. ಬೆಳಿಗ್ಗೆ ಹೊಸ ತಲೆಯಲ್ಲಿ ಬರೆದ ಪೇಪರಿನ ತಪ್ಪುಗಳೇ ಬೇರೆ. ಊಟವಾಗಿ ಕಣ್ಣು ಎಳೆಯುವ ಹೊತ್ತಿನ ತಪ್ಪುಗಳೇ ಬೇರೆ, ನಮಗೆ ಬೇಕಾದದ್ದು ಈ ಎರಡನೆಯವು. ಓಎಂಆರ್ ಹಾಳೆ ಕಡ್ಡಾಯ. ಉತ್ತರವನ್ನು ಪ್ರಶ್ನೆಪತ್ರಿಕೆಯ ಮೇಲೆ ಮಾತ್ರ ಗುರುತಿಸಿ ‘ಬಬ್ಲಿಂಗ್ ಅಂದೇ ನೋಡಿಕೊಂಡರಾಯಿತು’ ಎಂದರೆ, ಒಂದು ಜಾತಿಯ ತಪ್ಪು ಪರೀಕ್ಷೆಯ ದಿನವೇ ಮೊದಲ ಬಾರಿ ಎದುರಾಗುತ್ತದೆ.

ಹಳೆಯ ಪೇಪರ್ ತೆಗೆದುಕೊಳ್ಳುವಾಗ ಒಂದು ಎಚ್ಚರಿಕೆ. 2021ರಿಂದ 2024ರವರೆಗೆ ಪೇಪರಿನಲ್ಲಿ 200 ಪ್ರಶ್ನೆ ಇದ್ದು, 180ಕ್ಕೆ ಮಾತ್ರ ಉತ್ತರಿಸಬೇಕಿತ್ತು. ಸೆಕ್ಷನ್ ಬಿ ಎಂಬ ಆಯ್ಕೆಯ ಭಾಗವಿತ್ತು, ಕೆಲವು ವರ್ಷ 200 ನಿಮಿಷವೂ ಸಿಗುತ್ತಿತ್ತು. 2025ರಿಂದ ಆಯ್ಕೆ ಇಲ್ಲ: 180 ಪ್ರಶ್ನೆ, 180 ನಿಮಿಷ, ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಆದ್ದರಿಂದ ಆ ವರ್ಷಗಳ ಪೇಪರ್ ಬರೆಯುವಾಗ ಫಿಸಿಕ್ಸ್, ಕೆಮಿಸ್ಟ್ರಿ, ಬಾಟನಿ, ಝುವಾಲಜಿ ಒಂದೊಂದರಲ್ಲೂ ಕೊನೆಯ ಐದು ಪ್ರಶ್ನೆ ಮೊದಲೇ ಹೊಡೆದುಹಾಕಿ, ಗಡಿಯಾರ ಮೂರೇ ಗಂಟೆಗೆ ಇಡಿ. 2024ರಲ್ಲಿ ಸಿಲಬಸ್ ಕೂಡ ಇಳಿಯಿತು. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ ಮುಂತಾದವು ಈಗ ಇಲ್ಲ. ಅವುಗಳಲ್ಲಿ ತಪ್ಪಾಯಿತೆಂದು ಪುಸ್ತಕ ತುಂಬಿಸಬೇಡಿ.

ಇನ್ನು ಬರೆಯುವಾಗಲೇ ಮಾಡಬೇಕಾದ ಒಂದು ಕೆಲಸ ಇದೆ, ನನ್ನ ಲೆಕ್ಕದಲ್ಲಿ ಇಡೀ ಪದ್ಧತಿ ನಿಂತಿರುವುದೇ ಇದರ ಮೇಲೆ. ಪ್ರತಿ ಪ್ರಶ್ನೆಯ ಸಂಖ್ಯೆಯ ಪಕ್ಕ ಒಂದು ಗುರುತು ಹಾಕಿ. ಖಾತ್ರಿ ಇದ್ದರೆ ಟಿಕ್. ಎರಡು ಆಪ್ಷನ್‌ಗೆ ಇಳಿಸಿ ಒಂದನ್ನು ಆರಿಸಿದ್ದರೆ ಚುಕ್ಕೆ. ಕಣ್ಣು ಮುಚ್ಚಿ ಹೊಡೆದದ್ದಾದರೆ ಸೊನ್ನೆ. ಪ್ರಶ್ನೆಗೆ ಅರ್ಧ ಸೆಕೆಂಡೂ ಬೇಡ. ಪರೀಕ್ಷೆ ಮುಗಿದ ಮೇಲೆ ನೆನಪಿನಿಂದ ಹಾಕುತ್ತೇನೆ ಎಂದರೆ ಆಗದು, ಏಕೆಂದರೆ ಕೀ ನೋಡಿದ ಕ್ಷಣದಿಂದ ಮನಸ್ಸು ವಕೀಲಿಕೆ ಶುರು ಮಾಡುತ್ತದೆ: ಸರಿಯಾದದ್ದೆಲ್ಲ ಗೊತ್ತಿತ್ತು, ತಪ್ಪಾದದ್ದೆಲ್ಲ ಅನುಮಾನವಿತ್ತು.

ಈ ಗುರುತು ಏನು ಹೇಳುತ್ತದೆ ಎಂಬುದಕ್ಕೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಒಂದು ಪೇಪರ್ ಬಿಚ್ಚಿಡುತ್ತೇನೆ. ಅವನದೂ ನಿಮ್ಮದೇ ಅಂಕದ ಆಸುಪಾಸು, ಆ ಭಾನುವಾರ 412. ಉತ್ತರಿಸಿದ್ದು 168, ಬಿಟ್ಟದ್ದು 12. ಸರಿ 116, ತಪ್ಪು 52. ನಾಲ್ಕರಂತೆ 464, ಅದರಿಂದ 52 ಕಳೆದರೆ 412. ಅವನಿಗೆ ಕಂಡದ್ದು 52 ಎಂಬ ಒಂದೇ ಸಂಖ್ಯೆ. ‘ಸರ್, ಗೆಸ್ ಮಾಡೋದು ನಿಲ್ಲಿಸ್ತೀನಿ’ ಎಂದು ಬಂದು ನಿಂತ.

ಗುರುತುಗಳನ್ನು ಎಣಿಸಿದೆವು. ಚುಕ್ಕೆ ಹಾಕಿದ್ದು 40, ಅದರಲ್ಲಿ ಸರಿ 18, ತಪ್ಪು 22. ಅಂದರೆ 72ರಿಂದ 22 ಹೋಗಿ 50 ಅಂಕ ಲಾಭ. ಸೊನ್ನೆ ಹಾಕಿದ್ದು 20, ಸರಿ 4, ತಪ್ಪು 16. ಬಂದದ್ದು 16, ಹೋದದ್ದು 16, ಲಾಭವೂ ಇಲ್ಲ ನಷ್ಟವೂ ಇಲ್ಲ. ನೀಟ್‌ನ ಲೆಕ್ಕವೇ ಹಾಗೆ. ಸರಿಗೆ ನಾಲ್ಕು, ತಪ್ಪಿಗೆ ಒಂದು ಕಳೆಯುವುದರಿಂದ ಐದರಲ್ಲಿ ಒಂದು ಸರಿಯಾದರೂ ಕೈಯಿಂದ ಏನೂ ಹೋಗುವುದಿಲ್ಲ. ಎರಡು ಆಪ್ಷನ್‌ಗೆ ಇಳಿಸಿದ ಪ್ರಶ್ನೆಯನ್ನು ಹೆದರಿ ಬಿಡುವುದು ದುಡ್ಡು ಬೀದಿಯಲ್ಲಿ ಬಿಟ್ಟು ಬಂದ ಹಾಗೆ. ಅವನು ಗೆಸ್ ನಿಲ್ಲಿಸಿದ್ದರೆ ಆ ವಾರ 412ರ ಬದಲು 362 ಬರುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಸುಮ್ಮನೆ ಹೊಡೆದರೂ ನಾಲ್ಕರಲ್ಲಿ ಒಂದು ಸರಿಯಾಗಬೇಕು, ಇವನಿಗೆ ಐದರಲ್ಲಿ ಒಂದೇ ಆಗಿದೆ. ಒಂದು ಪೇಪರಿನಿಂದ ಏನೂ ಹೇಳಲಾಗದು, ಅದೃಷ್ಟ ಇರಬಹುದು. ಆದರೆ ನಾಲ್ಕು ವಾರದ ಸೊನ್ನೆಗಳನ್ನು ಕೂಡಿಸಿದಾಗಲೂ ಐದರಲ್ಲಿ ಒಂದಕ್ಕಿಂತ ಕೆಳಗಿದ್ದರೆ ನೀವು ನಿಜಕ್ಕೂ ಕಣ್ಣು ಮುಚ್ಚಿ ಹೊಡೆಯುತ್ತಿಲ್ಲ ಎಂದರ್ಥ. ಪೇಪರ್ ತೆಗೆಯುವವರು ತಪ್ಪು ಆಪ್ಷನ್‌ಗಳನ್ನು ವಿದ್ಯಾರ್ಥಿಗಳು ಎಲ್ಲಿ ಜಾರುತ್ತಾರೋ ಅಲ್ಲಿಂದಲೇ ಆರಿಸುತ್ತಾರೆ. ಅರ್ಧ ಓದಿದವನ ಕೈ ಆ ಆಪ್ಷನ್ ಮೇಲೇ ಹೋಗುತ್ತದೆ. ಅಂಥ ಅಧ್ಯಾಯದಲ್ಲಿ ಗೆಸ್ ಕಡಿಮೆ ಮಾಡುವುದು ಸರಿ.

ಈಗ ಉಳಿದದ್ದು ಟಿಕ್ ಹಾಕಿದ 108. ಅದರಲ್ಲಿ 94 ಸರಿ, 14 ತಪ್ಪು. ಅವನ ಮುಖ ಸಪ್ಪಗಾದದ್ದು ಇಲ್ಲಿ. ಖಾತ್ರಿ ಇದೆ ಎಂದುಕೊಂಡ ಹದಿನಾಲ್ಕು ಪ್ರಶ್ನೆ ಹೋಗಿವೆ. ಒಂದೊಂದಕ್ಕೂ ಬರಬೇಕಿದ್ದ ನಾಲ್ಕು, ಕಳೆದುಕೊಂಡ ಒಂದು, ಒಟ್ಟು ಐದು ಅಂಕ. ಎಲ್ಲ ಸೇರಿ 70. ಹೊಸದಾಗಿ ಒಂದು ಪುಟವನ್ನೂ ಓದದೆ 482 ಆಗಬಹುದಾಗಿದ್ದ ಪೇಪರ್ ಅದು. ಪೂರ್ತಿ 70 ಯಾರಿಗೂ ವಾಪಸ್ ಬರುವುದಿಲ್ಲ, ಅರ್ಧ ಬಂದರೂ ದೊಡ್ಡದು.

ಆದ್ದರಿಂದ ಪುಸ್ತಕಕ್ಕೆ ಹೋಗುವ ಸರದಿ ಹೀಗಿರಲಿ. ಮೊದಲು ಟಿಕ್ ಹಾಕಿ ತಪ್ಪಿದವು, ಎಲ್ಲವೂ. ಆಮೇಲೆ ಜಾಗ ಉಳಿದರೆ ಚುಕ್ಕೆಯವು. ಅದರಲ್ಲಿ ತಪ್ಪಿದ್ದು ಮಾತ್ರವಲ್ಲ, ಅದೃಷ್ಟಕ್ಕೆ ಸರಿಯಾದದ್ದೂ ಬರಬೇಕು. ಹಸಿರು ಟಿಕ್ ಬಿತ್ತು ಎಂದು ಎಲ್ಲರೂ ದಾಟಿಕೊಂಡು ಹೋಗುವ ಪ್ರಶ್ನೆಗಳವು, ಮುಂದಿನ ವಾರ ಅವೇ ತಿರುಗಿಬೀಳುತ್ತವೆ. ಸೊನ್ನೆ ಹಾಕಿದವು ಪುಸ್ತಕಕ್ಕೆ ಬರಲೇಬಾರದು. ಅಲ್ಲಿ ಆದದ್ದು ತಪ್ಪಲ್ಲ, ಓದಿಲ್ಲ ಅಷ್ಟೇ. ಅಧ್ಯಾಯದ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದು ಸೋಮವಾರ, ಮಂಗಳವಾರದ ಓದಿಗೆ ಹಾಕಿ. ಒಟ್ಟು ವಾರಕ್ಕೆ ಹದಿನೈದಕ್ಕಿಂತ ಹೆಚ್ಚು ಬೇಡ. ಇಪ್ಪತ್ತಾದರೂ ಬುಧವಾರ ಭಾರವಾಗುತ್ತದೆ, ಭಾರವಾದ ಬುಧವಾರವನ್ನು ನೀವು ತಪ್ಪಿಸುತ್ತೀರಿ, ಮತ್ತೆ ಮೊದಲಿನ ಕಥೆ.

ಬರೆಯುವುದು ಭಾನುವಾರ ಸಂಜೆಯೇ. ಐದಕ್ಕೆ ಮುಗಿಸಿ, ಕಾಫಿ ಕುಡಿದು, ಆರರಿಂದ ಏಳೂವರೆಯ ಒಳಗೆ ಕೀ ನೋಡಿ ಬರೆದು ಮುಗಿಸಿ. ಸೋಮವಾರಕ್ಕೆ ಬಿಟ್ಟರೆ ಸರಿ ಉತ್ತರ ಸಿಗುತ್ತದೆ, ನೀವು ಆ ಹೊತ್ತಿನಲ್ಲಿ ಏನು ಯೋಚಿಸಿದಿರಿ ಎಂಬುದು ಸಿಗುವುದಿಲ್ಲ. ನಮಗೆ ಬೇಕಾಗಿರುವುದು ಎರಡನೆಯದು.

ಒಂದು ಪ್ರಶ್ನೆ ಹೇಗೆ ದಾಖಲಾಗಬೇಕು ಎಂಬುದಕ್ಕೆ ಆ ಹುಡುಗನ ಪೇಪರಿನದೇ ಉದಾಹರಣೆ. ಒಂದು ತಂತಿಯನ್ನು ಎಳೆದು ಉದ್ದ ಎರಡರಷ್ಟು ಮಾಡಿದರೆ ರೆಸಿಸ್ಟೆನ್ಸ್ ಎಷ್ಟಾಗುತ್ತದೆ ಎಂಬ ಪ್ರಶ್ನೆ. ಟಿಕ್ ಹಾಕಿ ಎರಡರಷ್ಟು ಎಂದು ಗುರುತಿಸಿದ್ದ. ಸರಿ ಉತ್ತರ ನಾಲ್ಕರಷ್ಟು. ಅವನ ಪುಸ್ತಕದಲ್ಲಿ ಮೊದಲು ಇದ್ದದ್ದು ಇಷ್ಟು: ‘R = ρL/A, ಉತ್ತರ 4R, ಸಿಲ್ಲಿ ಮಿಸ್ಟೇಕ್.’ ಇದರಿಂದ ಮೂರು ಕಾಸಿನ ಉಪಯೋಗವಿಲ್ಲ. ಫಾರ್ಮುಲಾ ಅವನಿಗೆ ಅಂದೂ ಗೊತ್ತಿತ್ತು.

ಕೂರಿಸಿ ಕೇಳಿದೆ, ಎರಡು ಎಂದು ಯಾಕೆ ಅನಿಸಿತು? ‘ಉದ್ದ ಡಬಲ್ ಆಯ್ತಲ್ಲ ಸರ್, ಎಲ್ ಡಬಲ್, ಆರ್ ಡಬಲ್.’ ಸಿಕ್ಕಿತು. ತಂತಿಯನ್ನು ಎಳೆದರೆ ಅದು ಸಣ್ಣಗಾಗುತ್ತದೆ, ಲೋಹ ಎಲ್ಲಿಂದಲೂ ಬರುವುದಿಲ್ಲ, ಒಟ್ಟು ವಾಲ್ಯೂಮ್ ಅಷ್ಟೇ ಇರುತ್ತದೆ ಎಂಬುದು ಅವನ ಲೆಕ್ಕಕ್ಕೆ ಬಂದೇ ಇರಲಿಲ್ಲ. ಉದ್ದ ಎರಡರಷ್ಟಾದಾಗ ಏರಿಯಾ ಅರ್ಧವಾಗುತ್ತದೆ, ಎರಡೂ ಸೇರಿ ನಾಲ್ಕು. ಆಮೇಲೆ ಪುಸ್ತಕದಲ್ಲಿ ಬರೆಸಿದ್ದು ಮೂರು ಸಾಲು. ಎಡಪುಟದಲ್ಲಿ, ‘ಪೇಪರ್ 7, ಪ್ರ. 23: ತಂತಿ ಎಳೆದು ಉದ್ದ ಎರಡರಷ್ಟು, R ಎಷ್ಟು?’ ಬಲಪುಟದಲ್ಲಿ, ‘ಅಂದುಕೊಂಡದ್ದು: ಉದ್ದ ಮಾತ್ರ ಬದಲಾಗುತ್ತದೆ. ನೋಡದೆ ಬಿಟ್ಟದ್ದು: ಎಳೆದ ತಂತಿಯ ವಾಲ್ಯೂಮ್ ಬದಲಾಗದು.’ ಸೊಲ್ಯೂಷನ್ ಬರೆಸಲಿಲ್ಲ, ಅದು ಪೇಪರಿನ ಕೀಯಲ್ಲಿ ಇದ್ದೇ ಇದೆ. ಎಡಪುಟ ಒಂದೇ ಕಾಣುವಂತೆ ಬಲಪುಟವನ್ನು ಮಡಚಿ ಹಿಂದಕ್ಕೆ ಹಾಕಬಹುದು, ಹಾಗಾಗಿ ಸ್ಪೈರಲ್ ನೋಟ್‌ಬುಕ್ ಒಳ್ಳೆಯದು.

‘ಸಿಲ್ಲಿ ಮಿಸ್ಟೇಕ್’ ಎಂಬ ಮಾತನ್ನು ನಿಮ್ಮ ಪುಸ್ತಕದಿಂದ ಗಡೀಪಾರು ಮಾಡಿ. ಅದು ಕಾರಣವಲ್ಲ, ಕಾರಣ ಹುಡುಕಲು ಬೇಜಾರಾದಾಗ ಹೇಳುವ ನೆಪ. ಒಬ್ಬ ಹುಡುಗಿಯ ಪುಸ್ತಕದಲ್ಲಿ ಪುಟಗಟ್ಟಲೆ ಅದೇ ಎರಡು ಪದ. ಆ ಪ್ರಶ್ನೆಗಳ ಸಂಖ್ಯೆ ಒಂದೆಡೆ ಬರೆದು ನೋಡಿದರೆ ಬಹುಪಾಲು ಫಿಸಿಕ್ಸ್. ಅವಳು ಫಿಸಿಕ್ಸ್ ಕೊನೆಗೆ ಇಟ್ಟುಕೊಳ್ಳುತ್ತಿದ್ದಳು, ಶುರುಮಾಡುವಾಗ ನಲವತ್ತು ನಿಮಿಷ ಮಾತ್ರ ಉಳಿದಿರುತ್ತಿತ್ತು. ಅದು ಗಮನದ ಕೊರತೆಯಲ್ಲ, ಸಮಯದ ಹಂಚಿಕೆಯ ತಪ್ಪು. ಬಯಾಲಜಿಗೆ 50 ನಿಮಿಷದ ಗಡಿ ಹಾಕಿ, ಕೆಮಿಸ್ಟ್ರಿಗೆ 50, ಫಿಸಿಕ್ಸ್‌ಗೆ 65 ಕೊಟ್ಟು, ಉಳಿದ 15 ಓಎಂಆರ್ ಸರಿನೋಡಲು ಇಟ್ಟೆವು. ಅದಕ್ಕೇ ಹೇಳುವುದು, ಪೇಪರ್ ಬರೆಯುವಾಗ ಒಂದೊಂದು ಗಂಟೆಗೊಮ್ಮೆ ಎಲ್ಲಿದ್ದೀರಿ ಎಂದು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಗೀಟು ಎಳೆದು ಗಡಿಯಾರದ ಸಮಯ ಬರೆದಿಡಿ.

ಇನ್ನು ಬುಧವಾರ. ಬುಧವಾರವೇ ಯಾಕೆ? ಭಾನುವಾರ ರಾತ್ರಿ ಅದೇ ಪ್ರಶ್ನೆ ಮತ್ತೆ ಮಾಡಿದರೆ ಸರಿ ಬರುತ್ತದೆ, ಆದರೆ ಬರುವುದು ನೆನಪಿನಿಂದ, ‘ಆಪ್ಷನ್ ಸಿ’ ಎಂಬುದು ಇನ್ನೂ ಕಣ್ಣಲ್ಲಿರುತ್ತದೆ. ಶನಿವಾರಕ್ಕೆ ಇಟ್ಟರೆ ಮರುದಿನದ ಪೇಪರಿನ ದಿಗಿಲು, ಪುಸ್ತಕ ತಿರುವಿಹಾಕಿ ಮುಚ್ಚುತ್ತೀರಿ. ಮೂರು ದಿನ ಕಳೆದರೆ ಆಪ್ಷನ್ ಮರೆಯುತ್ತದೆ, ಅರ್ಥವಾಗಿದ್ದರೆ ಅರ್ಥ ಉಳಿದಿರುತ್ತದೆ, ಅರ್ಥವಾಗಿರದಿದ್ದರೆ ಅದೂ ಗೊತ್ತಾಗುತ್ತದೆ. ಗುರುವಾರ ಮಾಡಿದರೂ ಲೋಕ ಮುಳುಗದು. ಆದರೆ ಯಾವ ದಿನ ಎಂದು ವಾರವಾರ ಯೋಚಿಸುವಂತಾಗಬಾರದು. ನಮ್ಮಲ್ಲಿ ಬುಧವಾರ ಸಂಜೆ ಆರರಿಂದ ಏಳೂವರೆಯವರೆಗೆ ಬೇರೆ ಕ್ಲಾಸೇ ಇಡುವುದಿಲ್ಲ.

ಅಂದು ಎಡಪುಟ ಮಾತ್ರ ತೆರೆದು, ಖಾಲಿ ಹಾಳೆಯಲ್ಲಿ ಹದಿನೈದನ್ನೂ ಮಾಡಬೇಕು. ಒಂದಕ್ಕೆ ಮೂರು ನಿಮಿಷ. ಉತ್ತರ ಬಂದರೆ ಸಾಲದು, ‘ಆ ದಿನ ಏನು ನೋಡದೆ ಬಿಟ್ಟೆ’ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದು, ಆಮೇಲೆ ಬಲಪುಟ ತೆರೆದು ಹೋಲಿಸಬೇಕು. ಎರಡೂ ಸರಿ ಬಂದರೆ ಪ್ರಶ್ನೆಯನ್ನು ಕೊಂಚ ತಿರುಚಿ ನೋಡಿ. ತಂತಿಯ ಪ್ರಶ್ನೆಗೆ ಆ ಹುಡುಗನಿಗೆ ಕೊಟ್ಟದ್ದು: ಎಳೆದು ರೇಡಿಯಸ್ ಅರ್ಧ ಮಾಡಿದರೆ? ರೇಡಿಯಸ್ ಅರ್ಧವಾದಾಗ ಏರಿಯಾ ಕಾಲು ಭಾಗ, ವಾಲ್ಯೂಮ್ ಅಷ್ಟೇ ಇರಬೇಕಾದ್ದರಿಂದ ಉದ್ದ ನಾಲ್ಕರಷ್ಟು, ರೆಸಿಸ್ಟೆನ್ಸ್ ಹದಿನಾರರಷ್ಟು. ಅವನು ನಾಲ್ಕು ಎಂದ! ‘ಎಳೆದರೆ ನಾಲ್ಕು’ ಎಂಬುದನ್ನಷ್ಟೇ ಹಿಡಿದುಕೊಂಡಿದ್ದ. ಮೂಲ ಪ್ರಶ್ನೆಗೆ ಸರಿ ಉತ್ತರ ಕೊಟ್ಟನೆಂದು ಬಿಟ್ಟಿದ್ದರೆ ಇದು ಮೇ ತಿಂಗಳವರೆಗೂ ಅಡಗಿರುತ್ತಿತ್ತು. ಮುಂದಿನ ಬಾರಿ ಉದ್ದ ಶೇಕಡ 10 ಹೆಚ್ಚಿದರೆ ಎಂದು ಕೇಳಿದಾಗ 1.1ರ ವರ್ಗ 1.21, ಆದ್ದರಿಂದ ಶೇಕಡ 21 ಎಂದು ತಾನೇ ಮಾಡಿದ. ಕೆಮಿಸ್ಟ್ರಿಯಲ್ಲೂ ಹೀಗೇ. 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್‌ನ ಪಿಎಚ್ 8 ಎಂದು ಹೊಡೆದವನಿಗೆ, ಆಸಿಡ್ ಹಾಕಿದ ನೀರು ಬೇಸಿಕ್ ಆಗುವುದು ಹೇಗೆ, ನೀರಿನದೇ ಹೈಡ್ರೋಜನ್ ಅಯಾನ್ ಎಲ್ಲಿ ಹೋಯಿತು ಎಂದು ಕೇಳಿದರೆ 7ಕ್ಕಿಂತ ಸ್ವಲ್ಪ ಕಡಿಮೆ ಎಂದು ತಲುಪುತ್ತಾನೆ. ತಿರುಚಿದ ಪ್ರಶ್ನೆ, ಅಷ್ಟೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ ಆದರೆ? ತಿರುಚುವುದು ನಿಮಗೇ ಕಷ್ಟವೆನಿಸಿದರೆ ಜೊತೆಗೆ ಓದುವವರೊಂದಿಗೆ ಪುಸ್ತಕ ಅದಲುಬದಲು ಮಾಡಿಕೊಳ್ಳಿ. ಇನ್ನೊಬ್ಬರ ತಪ್ಪನ್ನು ತಿರುಚುವುದು ಯಾಕೋ ಎಲ್ಲರಿಗೂ ಸುಲಭ.

ಎಲ್ಲ ತಪ್ಪಿಗೂ ಇದೇ ಮದ್ದು ನಡೆಯುವುದಿಲ್ಲ. ಆ ಹದಿನಾಲ್ಕರಲ್ಲಿ ತಂತಿಯಂಥವು, ಅಂದರೆ ನಿಬಂಧನೆ ಮರೆತು ಫಾರ್ಮುಲಾ ಹಾಕಿದವು, ಮೂರೇ ಇದ್ದವು. ನಾಲ್ಕು ಬಯಾಲಜಿಯ ಜೋಡಿ ಗೊಂದಲಗಳು. ಉದಾಹರಣೆಗೆ ಪ್ರೈಮರಿ ಊಸೈಟ್ ನಿಲ್ಲುವುದು ಮೊದಲ ಮಿಯಾಸಿಸ್‌ನ ಪ್ರೊಫೇಸ್‌ನಲ್ಲಿ, ಸೆಕೆಂಡರಿ ಊಸೈಟ್ ನಿಲ್ಲುವುದು ಎರಡನೆಯದರ ಮೆಟಾಫೇಸ್‌ನಲ್ಲಿ. ಇದು ಅದು, ಅದು ಇದು ಮಾಡಿದ್ದ. ಇಂಥದ್ದಕ್ಕೆ ತಪ್ಪಿದ ಒಂದನ್ನೇ ಬರೆದರೆ ಮತ್ತೆ ಬೆರೆಯುತ್ತದೆ, ಜೋಡಿಯನ್ನು ಅಕ್ಕಪಕ್ಕ ಬರೆಯಬೇಕು. ಬುಧವಾರ ಎನ್‌ಸಿಇಆರ್‌ಟಿಯ ಆ ಪ್ಯಾರಾ ಮುಚ್ಚಿಟ್ಟು ಎರಡನ್ನೂ ಮೊದಲಿಂದ ಕೊನೆಯವರೆಗೆ ಬರೆದು, ಆಮೇಲೆ ತೆರೆದು ನೋಡಬೇಕು.

ಐದು ಪ್ರಶ್ನೆಗಳಲ್ಲಿ ‘ಸರಿಯಲ್ಲದ ಹೇಳಿಕೆ ಯಾವುದು’ ಎಂದಿದ್ದುದನ್ನು ‘ಸರಿಯಾದದ್ದು’ ಎಂದು ಓದಿದ್ದ. ಇದನ್ನು ಮತ್ತೆ ಮಾಡಿಸುವುದರಲ್ಲಿ ಅರ್ಥವೇ ಇಲ್ಲ, ಎರಡನೆಯ ಸಲ ಯಾರೂ ತಪ್ಪಾಗಿ ಓದುವುದಿಲ್ಲ. ಇದು ತಿಳಿವಳಿಕೆಯಲ್ಲ, ಕೈಯ ಅಭ್ಯಾಸ. ಪ್ರತಿ ಆಪ್ಷನ್ ಪಕ್ಕ ಸರಿ ಅಥವಾ ತಪ್ಪು ಎಂದು ಬರೆದು, ಆಮೇಲೆ ಪ್ರಶ್ನೆಯ ಕೊನೆಯ ಸಾಲನ್ನು ಮತ್ತೊಮ್ಮೆ ಓದಿ, ಆಮೇಲೆ ಬಬಲ್ ಮಾಡುವುದು. ಬುಧವಾರ ಇಂಥ ಇಪ್ಪತ್ತು ಹೊಸ ಪ್ರಶ್ನೆ ಕೊಟ್ಟು ಹೀಗೆ ಮಾಡಿಸಿದೆ. ಮೂರು ವಾರ ಬೇಕಾಯಿತು. ಉಳಿದೆರಡು ಓಎಂಆರ್‌ನಲ್ಲಿ ಬೇರೆ ಬಬಲ್ ತುಂಬಿದ್ದು. ಕೊನೆಗೆ ಒಟ್ಟಿಗೆ ತುಂಬುವುದು ಬಿಟ್ಟು ಪುಟ ಮುಗಿದಂತೆ ತುಂಬಲು ಹೇಳಿದೆ, ನಿಂತುಹೋಯಿತು.

ಪುಸ್ತಕದಿಂದ ಪ್ರಶ್ನೆಗಳು ಹೊರಗೆ ಹೋಗುವ ದಾರಿಯೂ ಬೇಕು. ಬುಧವಾರ ಸರಿ ಬಂದ ಪ್ರಶ್ನೆಯ ಅಂಚಿನಲ್ಲಿ ನಾಲ್ಕು ವಾರದ ನಂತರದ ಬುಧವಾರದ ತಾರೀಖು ಬರೆಯಿರಿ. ಅಂದೂ ಸರಿ ಬಂದರೆ ಗೀಟು ಹೊಡೆದು ಮರೆತುಬಿಡಿ. ತಪ್ಪಿದರೆ ಮತ್ತೆ ಮುಂದಿನ ಬುಧವಾರದ ಸರದಿ. ಹೀಗೆ ಹೊಸ ಹದಿನೈದು, ಹಳೆಯ ಎಂಟು ಹತ್ತು, ಎಲ್ಲ ಸೇರಿ ಒಂದೂವರೆ ಗಂಟೆಗೆ ಸರಿಹೊಂದುತ್ತದೆ. ಒಂದೇ ಪ್ರಶ್ನೆ ಮೂರನೆಯ ಬುಧವಾರವೂ ತಪ್ಪಿತೆಂದರೆ ಅದು ತಪ್ಪಿನ ಪುಸ್ತಕದ ವಸ್ತುವಲ್ಲ, ಆ ಅಧ್ಯಾಯವೇ ನಿಂತಿಲ್ಲ. ಹೊರಗೆ ತೆಗೆದು ಮೇಷ್ಟರ ಬಳಿ ಒಯ್ಯಿರಿ.

ನಿಮ್ಮ ಈಗಿನ ಎರಡು ನೋಟ್‌ಬುಕ್ಕುಗಳನ್ನು ಏನು ಮಾಡುವುದು ಎಂದು ಕೇಳಬಹುದು. ಪೂರ್ತಿ ತಿರುಗಿ ಬರೆಯಲು ಕೂರಬೇಡಿ. ಕೊನೆಯ ಎರಡು ಪೇಪರಿನವನ್ನು ಮಾತ್ರ ತೆಗೆದುಕೊಂಡು ಉತ್ತರ ಮುಚ್ಚಿ ಮಾಡಿ, ಈಗಲೂ ತಪ್ಪುವವು ಹೊಸ ಪುಸ್ತಕಕ್ಕೆ ಬರಲಿ. ಉಳಿದದ್ದನ್ನು ಅಟ್ಟಕ್ಕೆ ಹಾಕಿ.

ಸುಧಾರಿಸುತ್ತಿದ್ದೀರಾ ಎಂದು ತಿಳಿಯಲು ಒಟ್ಟು ಅಂಕ ನೋಡಿದರೆ ಮೋಸ ಹೋಗುತ್ತೀರಿ. ನೀಟ್ ಪೇಪರುಗಳೇ ವರ್ಷದಿಂದ ವರ್ಷಕ್ಕೆ ಅಷ್ಟು ಬೇರೆ: 2024ರಲ್ಲಿ 720ಕ್ಕೆ 720 ಬಂದವರು ಹಲವರಿದ್ದರು, 2025ರಲ್ಲಿ ದೇಶಕ್ಕೆ ಮೊದಲು ಬಂದವರ ಅಂಕವೇ 686. ನೀವು ಒಂದು ವಾರ 2024ರ ಪೇಪರ್, ಮುಂದಿನ ವಾರ 2025ರದ್ದು ಬರೆದು ಅಂಕ ಇಳಿಯಿತೆಂದು ಕಂಗೆಟ್ಟರೆ ಯಾರ ತಪ್ಪು? ಆ ಹುಡುಗನಿಗೂ ನಡುವೆ ಒಂದು ಭಾನುವಾರ 398 ಬಂತು, ಮನೆಯಲ್ಲಿ ಗಲಾಟೆಯಾಯಿತು. ಆದರೆ ಆ ವಾರ ಟಿಕ್ ಹಾಕಿ ತಪ್ಪಿದ್ದು ಒಂಬತ್ತಕ್ಕೆ ಇಳಿದಿತ್ತು. ಪ್ರತಿ ವಾರ ಪುಸ್ತಕದ ಕೊನೆಯ ಪುಟದಲ್ಲಿ ಈ ಒಂದು ಸಂಖ್ಯೆ ಬರೆಯುತ್ತ ಹೋಗಿ. ಪೇಪರ್ ಕಠಿಣವಿದ್ದಾಗ ಚುಕ್ಕೆ, ಸೊನ್ನೆ ಹೆಚ್ಚುತ್ತವೆ, ಟಿಕ್ ಕಡಿಮೆಯಾಗುತ್ತದೆ. ಟಿಕ್ ಹಾಕಿದ್ದು ತಪ್ಪುವುದು ಅಷ್ಟಾಗಿ ಏರಿಳಿಯುವುದಿಲ್ಲ. ಎಂಟು ವಾರದಲ್ಲಿ ಅವನದು ಹದಿನಾಲ್ಕರಿಂದ ಆರಕ್ಕೆ ಬಂತು. ಆರರಿಂದ ಕೆಳಕ್ಕೆ ಅವನಿಗೆ ಇಳಿಸಲಾಗಲಿಲ್ಲ.

ಇದರ ಮಿತಿಯನ್ನೂ ಹೇಳಿಬಿಡುತ್ತೇನೆ. ಅವನ ಆ ಪೇಪರಿನಲ್ಲಿ ಫಿಸಿಕ್ಸ್‌ನ 38 ಉತ್ತರಗಳಲ್ಲಿ 19 ಸರಿ, 19 ತಪ್ಪು. 180ಕ್ಕೆ 57. ಆ ತಪ್ಪುಗಳಲ್ಲಿ ಹೆಚ್ಚಿನವು ಸೊನ್ನೆ ಮತ್ತು ಚುಕ್ಕೆ. ಅಲ್ಲಿ ಬೇಕಾಗಿದ್ದುದು ರೊಟೇಷನ್, ಆಪ್ಟಿಕ್ಸ್ ಅಧ್ಯಾಯಗಳ ಲೆಕ್ಕಗಳನ್ನು ಕೂತು ಮಾಡುವುದು, ಯಾವ ಬುಧವಾರವೂ ಅದನ್ನು ಮಾಡಿಕೊಡದು. ನಿಮ್ಮ ಪೇಪರಿನಲ್ಲೂ ಟಿಕ್ ತಪ್ಪು ನಾಲ್ಕೈದೇ ಇದ್ದು, ಉಳಿದದ್ದೆಲ್ಲ ಸೊನ್ನೆಯಾಗಿದ್ದರೆ, ತಪ್ಪಿನ ಪುಸ್ತಕಕ್ಕೆ ಅರ್ಧ ಗಂಟೆ ಕೊಟ್ಟು ಮಿಕ್ಕ ಸಮಯ ಅಧ್ಯಾಯಕ್ಕೆ ಹಾಕಿ. ಬೇಕಾದರೆ ಫುಲ್ ಪೇಪರನ್ನೂ ಹದಿನೈದು ದಿನಕ್ಕೊಂದು ಮಾಡಿಕೊಳ್ಳಿ, ತಪ್ಪಿಲ್ಲ. ಮುಂದಿನ ಭಾನುವಾರ ಗುರುತು ಹಾಕಿ ಎಣಿಸಿದ ಮೇಲೆಯೇ ನೀವು ಯಾವ ಕಡೆಯವರು ಎಂದು ಗೊತ್ತಾಗುವುದು.

ವಾರಕ್ಕೆ ಎರಡು ಪೇಪರ್ ಕೊನೆಯ ನಾಲ್ಕು ವಾರಕ್ಕೆ ಇರಲಿ. ಆಗ ಭಾನುವಾರದ ಜೊತೆ ಗುರುವಾರವೂ ಮಧ್ಯಾಹ್ನ 2ಕ್ಕೆ ಒಂದು. ಗುರುವಾರದ ಪೇಪರಿನಿಂದ ಟಿಕ್ ತಪ್ಪಿದವು ಮಾತ್ರ, ಎಂಟು ಮೀರದಂತೆ, ಭಾನುವಾರದಿಂದ ಹತ್ತು ಮೀರದಂತೆ, ಎಲ್ಲವೂ ಅದೇ ಬುಧವಾರಕ್ಕೆ. ನೀಟ್ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾನುವಾರ ಇರುತ್ತದೆ. ಅದರ ಹಿಂದಿನ ಭಾನುವಾರ ಬರೆಯುವುದೇ ಕೊನೆಯ ಪೇಪರ್, ಆ ವಾರದ ಗುರುವಾರ ಬೇಡ. ಕೊನೆಯ ಬುಧವಾರ ಹೊಸ ಪ್ರಶ್ನೆ ಸೇರಿಸದೆ, ಪುಸ್ತಕದಲ್ಲಿ ಇನ್ನೂ ಗೀಟು ಬೀಳದೆ ಉಳಿದಿರುವುದನ್ನಷ್ಟೇ ಮಾಡಿ. ಇಪ್ಪತ್ತೋ ಮೂವತ್ತೋ ಇರುತ್ತವೆ. ಅವುಗಳ ಎಡಪುಟದ ಸಾಲುಗಳನ್ನು ಒಂದೇ ಹಾಳೆಗೆ ಇಳಿಸಿಕೊಂಡು, ಪುಸ್ತಕವನ್ನು ಹಾಸನದಲ್ಲೇ ಬಿಟ್ಟು, ಆ ಹಾಳೆಯೊಂದನ್ನೇ ಊರಿಗೆ ತೆಗೆದುಕೊಂಡು ಹೋಗಿ.